ಒಂದು ಸಾರಿಗೆ ಮೂರು ಸಲ ಉಪ್ಪು: ಚಿತ್ರಕಥೆಯೊಳಗೆ ಬಣ್ಣ ಬರೆಯುವುದು ಹೇಗೆ

ಡಿಐ ರೂಮಿನಲ್ಲಿ, ಅಂದರೆ ಶೂಟಿಂಗ್ ಮುಗಿದ ಮೇಲೆ ಸಿನಿಮಾದ ಬಣ್ಣ ತಿದ್ದುವ ಕೋಣೆಯಲ್ಲಿ, ಮೊದಲು ಕಣ್ಣಿಗೆ ಬಿದ್ದದ್ದು ಹಾಲು. ಸ್ಟೀಲ್ ಲೋಟದಲ್ಲಿದ್ದ ಬಿಳಿ ಹಾಲು ಪರದೆಯ ಮೇಲೆ ಬಾದಾಮಿ ಹಾಲಾಗಿತ್ತು. ಆಮೇಲೆ ಅಮ್ಮನ ಪಾತ್ರದವರ ಮುಖ ನೋಡಿದೆ. ಅರಿಶಿನ ಹಚ್ಚಿ ಕೂರಿಸಿದ ಹಾಗಿತ್ತು. ಅದು ಮಲೆನಾಡಿನ ಒಂದು ಮನೆಯ ಅಡುಗೆಮನೆ. ಬೆಂಗಳೂರಿನಿಂದ ಬಂದ ಮಗ, ಒಲೆ ಮುಂದೆ ಅಮ್ಮ, ಹೊರಗೆ ಮಳೆ. ಚಿತ್ರಕಥೆಯಲ್ಲಿ ನಾನೇ ಬರೆದಿದ್ದ ಸಾಲು ಇಷ್ಟು: "ಒಳಗೆ. ಅಡುಗೆಮನೆ. ಸಂಜೆ. ಬೆಚ್ಚಗಿನ ಬೆಳಕು."

ಈ 'ಬೆಚ್ಚಗಿನ' ಅನ್ನುವ ಪದವನ್ನು ಮೂವರು ಓದಿದ್ದರು. ಗ್ಯಾಫರ್, ಅಂದರೆ ಲೈಟಿಂಗ್ ತಂಡದ ಮುಖ್ಯಸ್ಥ, ಓದಿ ಲೈಟಿನ ಮುಂದೆ ಕಿತ್ತಳೆ ಬಣ್ಣದ ಜೆಲಾಟಿನ್ ಹಾಳೆ ಹಾಕಿಸಿದರು. ಕ್ಯಾಮೆರಾಮನ್ ಓದಿ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಬೇಕಂತಲೇ 6500ಕ್ಕೆ ಏರಿಸಿದರು. ಎರಡು ತಿಂಗಳ ನಂತರ ಕಲರಿಸ್ಟ್ ಅದೇ ಹಾಳೆ ಓದಿ, ಎಡಿಟರ್ ಕಳಿಸಿದ ದೃಶ್ಯಕ್ಕೆ ತಮ್ಮ ಪಾಲಿನ ಬೆಚ್ಚಗೆಯನ್ನು ಸೇರಿಸಿಟ್ಟಿದ್ದರು. ಒಬ್ಬರದ್ದೂ ತಪ್ಪಲ್ಲ. ಅತ್ತೆ, ಸೊಸೆ, ಮಗಳು ಮೂವರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಸಾರಿಗೆ ಉಪ್ಪು ಹಾಕಿದ ಕಥೆ ಅದು. ಸಾರಿನ ಪಕ್ಕ ಒಂದು ಚೀಟಿ ಇಡಬೇಕಾಗಿದ್ದವನು ನಾನು. ಇಟ್ಟಿರಲಿಲ್ಲ.

ಸರಿ, ಡಿಐಯಲ್ಲಿ ಹಳದಿ ಕಡಿಮೆ ಮಾಡಿದರೆ ಆಯ್ತಲ್ವಾ ಅಂತ ನೀವು ಕೇಳಬಹುದು. ನಾನೂ ಅದನ್ನೇ ಕೇಳಿದೆ. ಕಲರಿಸ್ಟ್ ತಾವು ಸೇರಿಸಿದ್ದನ್ನು ಮೊದಲು ತೆಗೆದರು. ಹಾಲು ಸ್ವಲ್ಪ ಬೆಳ್ಳಗಾಯಿತು. ಮುಖ ಇನ್ನೂ ಕಿತ್ತಳೆಯೇ. ಮುಖ ಸರಿಹೋಗುವವರೆಗೆ ಇಡೀ ಚಿತ್ರವನ್ನು ತಂಪಿನ ಕಡೆ ಎಳೆದರು. ಆಗ ಹಿಂದಿನ ಕಿಟಕಿ, ಅಲ್ಲಿವರೆಗೆ ತಣ್ಣಗೆ ಬೆಳ್ಳಗಿದ್ದದ್ದು, ರೇಷನ್ ಸೀಮೆಎಣ್ಣೆಯ ನೀಲಿಗೆ ತಿರುಗಿತು. ಪರದೆಯ ಮೇಲೆ ಮುಖದ ಭಾಗವನ್ನಷ್ಟೇ ಗುರುತು ಮಾಡಿ ತಿದ್ದುವ ಮಾಸ್ಕ್ ಹಾಕೋಣ ಅಂದರೆ ಅಮ್ಮ ಒಂದು ಕಡೆ ನಿಲ್ಲುವುದಿಲ್ಲ. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಾರೆ, ನಡುವೆ ಒಲೆಯ ಹೊಗೆ. ಶಾಟ್ ಶಾಟ್‌ಗೂ ಮಾಸ್ಕನ್ನು ಅವರ ಹಿಂದೆ ಓಡಿಸಬೇಕು. ಇಡೀ ಸಿನಿಮಾಗೆ ಇಟ್ಟುಕೊಂಡ ದಿನಗಳಲ್ಲಿ ಒಂದೂವರೆ ದಿನ ಆ ಒಂದೇ ಅಡುಗೆಮನೆಗೆ ಹೋಯಿತು.

ಅವತ್ತು ಅರ್ಥವಾದ ವಿಷಯವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಬಣ್ಣ ತಿದ್ದುವ ಕೈಗಳು ಮೂರು. ಮೂರಕ್ಕೂ ಬೇರೆ ಬೇರೆ ಶಕ್ತಿ.

ಮೊದಲನೆಯದು ಲೈಟು. ಒಂದು ಲೈಟಿನ ಮುಂದೆ ಜೆಲಾಟಿನ್ ಹಾಕಿದರೆ ಆ ಒಂದು ಲೈಟಿನ ಬಣ್ಣ ಮಾತ್ರ ಬದಲಾಗುತ್ತದೆ. ಪಕ್ಕದ ಲೈಟು ಹಾಗೇ ಇರುತ್ತದೆ. ಎರಡನೆಯದು ಕ್ಯಾಮೆರಾದ ವೈಟ್ ಬ್ಯಾಲೆನ್ಸ್. ಇದು ಫ್ರೇಮಿನಲ್ಲಿರುವ ಎಲ್ಲವನ್ನೂ ಒಟ್ಟಿಗೆ ಜರುಗಿಸುತ್ತದೆ. ಸಂಖ್ಯೆ ಏರಿಸುವುದು ಅಂದರೆ ಕ್ಯಾಮೆರಾಗೆ "ಇಲ್ಲಿ ಬೆಳಕು ತುಂಬಾ ನೀಲಿ ಇದೆ" ಅಂತ ಹೇಳಿದ ಹಾಗೆ. ಅದು ನಂಬಿ, ಸರಿದೂಗಿಸಲು ಹಳದಿ ಸೇರಿಸುತ್ತದೆ. ಮೂರನೆಯದು ಡಿಐ. ಇಲ್ಲೂ ಸುಲಭದ ಕೆಲಸ ಅಂದರೆ ಎಲ್ಲವನ್ನೂ ಒಟ್ಟಿಗೆ ಜರುಗಿಸುವುದೇ. ಬಿಡಿ ಬಿಡಿಯಾಗಿ ತಿದ್ದಲೂ ಬರುತ್ತದೆ, ಆದರೆ ಅದಕ್ಕೆ ಸಮಯ ಬೇಕು, ಅದೂ ಒಂದು ಮಿತಿಯವರೆಗೆ ಮಾತ್ರ.

ಹಾಗಾಗಿ ಒಂದು ಕೆಲಸ ಸೆಟ್‌ನಲ್ಲೇ ಆಗಬೇಕು: ಎರಡು ಬೆಳಕುಗಳ ನಡುವಿನ ಅಂತರ. ಬಲ್ಬಿನ ಹಳದಿಗೂ ಕಿಟಕಿಯ ನೀಲಿಗೂ ಎಷ್ಟು ದೂರ, ಮುಖಕ್ಕಿಂತ ಗೋಡೆ ಎಷ್ಟು ಕತ್ತಲು, ಇದೆಲ್ಲ ಲೈಟಿಂಗ್ ತಂಡದ ಕೈಯಲ್ಲಿದೆ. ಒಟ್ಟು ಚಿತ್ರ ಒಂದು ಚೂರು ಬೆಚ್ಚಗೆ ಕೂರಬೇಕಾ, ತಣ್ಣಗೆ ಕೂರಬೇಕಾ ಅನ್ನುವುದನ್ನು ಡಿಐಗೆ ಬಿಡಬಹುದು. ನನ್ನ ಹಳೆಯ ಸಾಲಿನಲ್ಲಿ ಅಂತರದ ಮಾತೇ ಇರಲಿಲ್ಲ. 'ಬೆಚ್ಚಗಿನ' ಅಂದರೆ ಯಾವುದಕ್ಕಿಂತ ಬೆಚ್ಚಗೆ? ಬರೆದಿರಲಿಲ್ಲ.

ಕ್ಯಾಮೆರಾದ ಬಗ್ಗೆ ಒಂದು ಸಣ್ಣ ಮಾತು. ಸೆನ್ಸರಿಗೆ ಸಿಕ್ಕಿದ್ದನ್ನು ತಿದ್ದದೆ ಹಾಗೇ ಇಡುವ ರಾ ಫಾರ್ಮ್ಯಾಟಿನಲ್ಲಿ ರೆಕಾರ್ಡ್ ಮಾಡಿದ್ದರೆ ವೈಟ್ ಬ್ಯಾಲೆನ್ಸ್ ಸಂಖ್ಯೆ ಫೈಲಿನ ಜೊತೆ ಬರುವ ಒಂದು ಚೀಟಿ ಅಷ್ಟೇ, ಡಿಐಯಲ್ಲಿ ಬದಲಾಯಿಸಬಹುದು. ನಾವು ರಾ ಮಾಡಿರಲಿಲ್ಲ. ಹಾಗಾಗಿ ಕ್ಯಾಮೆರಾಮನ್ ಹಾಕಿದ ಉಪ್ಪು ಚಿತ್ರದೊಳಗೇ ಕರಗಿಹೋಗಿತ್ತು. ಜೆಲಾಟಿನ್ ವಿಷಯ ಬೇರೆ. ರಾ ಇರಲಿ, ಏನೇ ಇರಲಿ, ಅದು ಎಂದಿಗೂ ಚಿತ್ರದೊಳಗೇ.

ಈಗ ಬರೆಯುವ ವಿಷಯಕ್ಕೆ ಬರೋಣ. ಬಣ್ಣದ ಟಿಪ್ಪಣಿ ಅಂದ ಕೂಡಲೇ ಕೆಲವರು "ನೀಲಿ ಛಾಯೆ, ವಿಷಾದದ ಬಣ್ಣ" ಅಂತ ಕವಿತೆ ಬರೆಯಲು ಕೂರುತ್ತಾರೆ. ಗ್ಯಾಫರ್‌ಗೆ ಅದರಿಂದ ಏನೂ ಸಿಗುವುದಿಲ್ಲ. ಅವರಿಗೆ ಬೇಕಾಗಿರುವುದು ಬೆಳಕು ಎಲ್ಲಿಂದ ಬರುತ್ತಿದೆ, ಯಾವ ಎತ್ತರದಿಂದ, ಎಷ್ಟು ಹೊತ್ತಿಗೆ ಅನ್ನುವುದು. ಇದಕ್ಕೆ ನಮ್ಮ ಭಾಷೆಯಲ್ಲೇ ಒಳ್ಳೆಯ ಪದಗಳಿವೆ. ಸುಮ್ನೆ 'ಬೆಳಿಗ್ಗೆ', 'ಸಂಜೆ' ಅಂತ ಬರೆದು ಅವುಗಳನ್ನು ಮೂಲೆಗೆ ಹಾಕುತ್ತೇವೆ.

ಗೋಧೂಳಿ ಅಂದರೆ ಸೂರ್ಯ ಇನ್ನೂ ಇದ್ದಾನೆ, ಕೆಳಗಿದ್ದಾನೆ, ಗಾಳಿಯಲ್ಲಿ ಧೂಳಿದೆ, ಬೆಳಕು ಹೊನ್ನಿನ ಬಣ್ಣದ್ದು, ನೆರಳು ಉದ್ದ. ಮುಸ್ಸಂಜೆ ಅಂದರೆ ಸೂರ್ಯ ಹೋಗಿಯಾಯಿತು. ನೆರಳೇ ಇಲ್ಲ, ಆಕಾಶವೆಲ್ಲ ಒಂದು ಮೆತ್ತನೆಯ ನೀಲಿ ಲೈಟು. ಎರಡೂ 'ಸಂಜೆ'ಯೇ. ಆದರೆ ಒಂದಕ್ಕೆ ಗ್ಯಾಫರ್ ದೂರದಲ್ಲಿ ಒಂದು ಗಟ್ಟಿ ಲೈಟನ್ನು ಕೆಳಮಟ್ಟದಲ್ಲಿ ಇಡುತ್ತಾರೆ, ಇನ್ನೊಂದಕ್ಕೆ ಕಿಟಕಿಗೆ ದೊಡ್ಡ ಸ್ಕಿಮ್ಮರ್, ಅಂದರೆ ಬೆಳಕನ್ನು ಮೆತ್ತಗೆ ಮಾಡುವ ಬಟ್ಟೆ, ಕಟ್ಟುತ್ತಾರೆ. ಎಳೆಬಿಸಿಲು, ಸುಡುಬಿಸಿಲು, ನಸುಕು, ಮಬ್ಬು, ಬೆಳದಿಂಗಳು, ಪ್ರತಿಯೊಂದರಲ್ಲೂ ಬೆಳಕಿನ ದಿಕ್ಕು ಮತ್ತು ಗಡಸುತನ ಅಡಗಿದೆ. ಸೀನಿನ ತಲೆಬರಹದಲ್ಲಿ ಸರಿಯಾದ ಒಂದು ಪದ ಇದ್ದರೆ ಅರ್ಧ ಟಿಪ್ಪಣಿ ಅಲ್ಲೇ ಮುಗಿಯಿತು.

ನನ್ನ ಅಡುಗೆಮನೆ ಮುಸ್ಸಂಜೆಯದ್ದು. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಆ ನೀಲಿ ಉಳಿಯುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಎರಡು ಪುಟದ ಸೀನ್ ತೆಗೆಯಲು ಆಗುವುದಿಲ್ಲ. ಅಂದರೆ ಹಗಲಲ್ಲೇ ಕಿಟಕಿಯಾಚೆ ಕಪ್ಪು ಬಟ್ಟೆ ಕಟ್ಟಿ ಮುಸ್ಸಂಜೆಯನ್ನು ಲೈಟಿನಿಂದ ಕಟ್ಟಬೇಕು. ನಿಜವಾದ ಆಕಾಶ ನೋಡಿ ಕಲಿಯುವ ಅವಕಾಶ ಅಲ್ಲಿ ಯಾರಿಗೂ ಇರುವುದಿಲ್ಲ. ಕಾಗದದಲ್ಲಿ ಇರುವುದೇ ಆಕಾಶ.

ಆ ಸೀನಿನಲ್ಲಿ ನಡೆಯುವುದು ಇಷ್ಟು. ಮೊದಲು ಬಲ್ಬ್ ಉರಿಯುತ್ತಿದೆ, ತಾಯಿ ಮಗ ಮಾತಾಡುತ್ತಿದ್ದಾರೆ. ಕರೆಂಟ್ ಹೋಗುತ್ತದೆ. ಒಲೆಯ ಬೆಂಕಿ ಮತ್ತು ಕಿಟಕಿ ಮಾತ್ರ ಉಳಿಯುತ್ತವೆ. ಮಗ ಮೊಬೈಲ್ ಟಾರ್ಚ್ ಹಾಕುತ್ತಾನೆ. ಜಾಗ ಮಾರುವ ವಿಷಯ ಎತ್ತುವುದು ಆಗಲೇ. ಅಮ್ಮನಿಗೆ ಅವನು ಆ ಕ್ಷಣ ಹೊರಗಿನವನ ಹಾಗೆ ಕಾಣಬೇಕು. ನೋಡಿ, ಕಥೆಯಲ್ಲೇ ನಾಲ್ಕು ಬೆಳಕುಗಳಿವೆ. ಆದರೆ ನಾನು ಬರೆದದ್ದು 'ಬೆಚ್ಚಗಿನ' ಅಂತ ಒಂದೇ ಒಂದು. ಟಾರ್ಚಿನ ಬಿಳುಪು ಅಮ್ಮನ ಮುಖಕ್ಕೆ ಹೊಡೆಯುವ ಶಾಟ್ ಕೂಡ ಹಳದಿಯಾಗಿಯೇ ಬಂದಿತ್ತು. ಸೀನಿನ ಉಸಿರೇ ಆ ಬದಲಾವಣೆಯಲ್ಲಿತ್ತು.

ಮುಂದಿನ ಸಲ, ಅದೇ ಬಗೆಯ ಸೀನಿಗೆ ನಾನು ಬರೆದ ಟಿಪ್ಪಣಿ ಹೀಗಿತ್ತು. ನಾನು ಫೌಂಟನ್ ಅನ್ನುವ ಸರಳ ಪಠ್ಯದ ಕ್ರಮದಲ್ಲಿ ಬರೆಯುತ್ತೇನೆ. ಅದರಲ್ಲಿ ಸಾಲಿನ ಮೊದಲು ಚುಕ್ಕೆ ಇಟ್ಟರೆ ಅದು ಸೀನಿನ ತಲೆಬರಹ, ಎರಡು `#` ನಡುವೆ ಇರುವುದು ಸೀನ್ ನಂಬರ್, `[[` ಮತ್ತು `]]` ನಡುವೆ ಇರುವುದು ಟಿಪ್ಪಣಿ. ನಟರಿಗೆ ಕೊಡುವ ಪ್ರತಿಯಲ್ಲಿ ಟಿಪ್ಪಣಿ ಬಿಟ್ಟು ಪ್ರಿಂಟ್ ತೆಗೆಯಬಹುದು.

```
.ಒಳಗೆ. ಅಡುಗೆಮನೆ - ಮುಸ್ಸಂಜೆ, ಮಳೆ #14#

[[ಮನಸ್ಸು: ಬಲ್ಬ್ ಇರುವವರೆಗೆ ಇಬ್ಬರೂ ಮನೆಯವರು.
ಟಾರ್ಚ್ ಬಂದ ಮೇಲೆ ಅಮ್ಮ ಒಬ್ಬಳೇ.
ಬೆಳಕು: ಬಲ್ಬ್, ಕಿಟಕಿ. ಆಮೇಲೆ ಒಲೆ, ಕಿಟಕಿ. ಆಮೇಲೆ ಟಾರ್ಚ್.
ಅಂತರ: ಕಿಟಕಿ ಬಲ್ಬಿಗಿಂತ ನೀಲಿ, ಮುಖಕ್ಕಿಂತ 1.5 ಸ್ಟಾಪ್ ಕಡಿಮೆ.
ಗುರುತು: ಲೋಟದ ಹಾಲು ಕೆನೆ ಬಣ್ಣ, ಹಳದಿ ಅಲ್ಲ.
ಕಾಣಲೇಬೇಕು: ಕತ್ತಲಲ್ಲೂ ಅಮ್ಮನ ಕಣ್ಣು. ಅಟ್ಟ ಕಪ್ಪಾದರೂ ಸರಿ.
ಯಾರು: ಬೆಚ್ಚಗೆ ಲೈಟಿನಲ್ಲಿ. ಕ್ಯಾಮೆರಾ 4000. ಡಿಐಯಲ್ಲಿ ಸೇರಿಸಬೇಡಿ.]]
```

'ಮನಸ್ಸು' ಸಾಲಿನಲ್ಲಿ ಬಣ್ಣದ ಹೆಸರಿಲ್ಲ, ಬೇಕಂತಲೇ. ಅದು ಕಾರಣ ಹೇಳುವ ಸಾಲು. ಶೂಟಿಂಗ್ ದಿನ ಏನೋ ಕೈಕೊಟ್ಟು ಬೇರೆ ದಾರಿ ಹಿಡಿಯಬೇಕಾದಾಗ ಗ್ಯಾಫರ್ ಈ ಸಾಲು ನೋಡಿ ತೀರ್ಮಾನ ಮಾಡಬಹುದು. ನಮಗೆ ಹಾಗೇ ಆಯಿತು. ಒಲೆಗೆ ತಂದಿದ್ದ ಸೌದೆ ಒದ್ದೆಯಾಗಿ ಬರೀ ಹೊಗೆ ಬಂತು, ಬೆಂಕಿ ಏಳಲಿಲ್ಲ. ಗ್ಯಾಫರ್ ಯಾರನ್ನೂ ಕೇಳದೆ ಒಲೆಯ ಪಕ್ಕ ಒಂದು ಸಣ್ಣ ಲೈಟಿಟ್ಟು, ಕೈಯನ್ನು ಅದರ ಮುಂದೆ ಆಡಿಸುತ್ತಾ ಬೆಂಕಿಯ ಕುಣಿತ ತಂದರು. ಟಾರ್ಚ್ ಬರುವವರೆಗೆ ಮನೆ ಮನೆಯಾಗಿರಬೇಕು ಅಂತ ಅವರಿಗೆ ಗೊತ್ತಿತ್ತು.

'ಅಂತರ' ಸಾಲಿಗೆ ಸ್ವಲ್ಪ ಲೆಕ್ಕ ಬೇಕು. ಸ್ಟಾಪ್ ಅನ್ನುವುದು ಬೆಳಕು ಎಷ್ಟಿದೆ ಅನ್ನುವ ಅಳತೆ, ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ. ಬೆಳಕಿನ ಬಣ್ಣವನ್ನು ಅಳೆಯುವುದು ಕೆಲ್ವಿನ್‌ನಲ್ಲಿ. ಬಲ್ಬ್ ಸುಮಾರು 2700 ಕೆಲ್ವಿನ್. ಹಗಲಿನ ಬಣ್ಣದ ಲೈಟು 5600. ಸಂಖ್ಯೆ ಏರಿದಷ್ಟೂ ನೀಲಿ. ಇಲ್ಲಿ ಒಂದು ಮೋಸವಿದೆ: ಕೆಲ್ವಿನ್ ಅಂತರ ಕಣ್ಣಿಗೆ ಎಲ್ಲ ಕಡೆ ಒಂದೇ ಥರ ಕಾಣುವುದಿಲ್ಲ. 2700ಕ್ಕೂ 3200ಕ್ಕೂ ನಡುವೆ 500, ಯಾರಿಗಾದರೂ ಗೊತ್ತಾಗುತ್ತದೆ. 6500ಕ್ಕೂ 7000ಕ್ಕೂ ನಡುವೆಯೂ 500, ಅದು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಹಾಗಾಗಿ ಲೈಟಿಂಗ್‌ನವರು ಮೈರೆಡ್ ಅನ್ನುವ ಅಳತೆ ಬಳಸುತ್ತಾರೆ. ಹತ್ತು ಲಕ್ಷವನ್ನು ಕೆಲ್ವಿನ್‌ನಿಂದ ಭಾಗಿಸಿದರೆ ಆಯಿತು. 2700 ಅಂದರೆ 370, 5600 ಅಂದರೆ 179. ಜೆಲಾಟಿನ್ ಹಾಳೆಗಳು ಕೂಡುವುದು, ಕಳೆಯುವುದು ಈ ಲೆಕ್ಕದಲ್ಲೇ.

ನಮ್ಮ ಕಿಟಕಿಗೆ 5600ರ ಲೈಟಿಟ್ಟು ಕಾಲು ಸಿಟಿಬಿ ಹಾಕಿದೆವು. ಸಿಟಿಬಿ ಅಂದರೆ ನೀಲಿ ಮಾಡುವ ಜೆಲಾಟಿನ್, ಸಿಟಿಒ ಅಂದರೆ ಕಿತ್ತಳೆ ಮಾಡುವುದು. ಲೀ ಕಂಪನಿಯ 203 ನಂಬರಿನ ಹಾಳೆ, ಅದು 35 ಕಳೆಯುತ್ತದೆ. 179ರಲ್ಲಿ 35 ಹೋದರೆ 144, ಅಂದರೆ ಸುಮಾರು 7000 ಕೆಲ್ವಿನ್. ಒಲೆಗೆ 3200ರ ಟಂಗ್‌ಸ್ಟನ್ ಲೈಟಿಗೆ ಅರ್ಧ ಸಿಟಿಒ, 205 ನಂಬರಿನದ್ದು, 109 ಕೂಡಿಸುತ್ತದೆ. 312 ಹೋಗಿ 421 ಆಯಿತು, ಅಂದರೆ ಸುಮಾರು 2400 ಕೆಲ್ವಿನ್. ಕ್ಯಾಮೆರಾ 4000ದಲ್ಲಿದೆ, ಅಂದರೆ 250. ಈಗ ನೋಡಿ: ಬಲ್ಬ್ 250ರಿಂದ 120 ಆಚೆ, ಬೆಚ್ಚಗಿನ ಕಡೆಗೆ. ಕಿಟಕಿ 106 ಈಚೆ, ತಂಪಿನ ಕಡೆಗೆ. ತಕ್ಕಡಿಯ ಎರಡು ತಟ್ಟೆ ಹೆಚ್ಚುಕಡಿಮೆ ಸಮ. ಒಲೆ ಬಲ್ಬಿಗಿಂತಲೂ ಆಚೆ, ಹಾಗಾಗಿ ಕರೆಂಟ್ ಹೋದ ಮೇಲೆ ಮನೆ ಇನ್ನೂ ಬೆಚ್ಚಗಾಗುತ್ತದೆ. ಮೊಬೈಲ್ ಟಾರ್ಚ್ ಸುಮಾರು 6000 ಅಂತ ಹಿಡಿದರೆ ಅದು ಕಿಟಕಿಯ ಬದಿಗೆ ಸೇರುತ್ತದೆ. ಮಗ ಹಿಡಿದಿರುವ ಬೆಳಕು ಹೊರಗಿನ ಮಳೆಯ ಬಣ್ಣದ್ದು. ಇದನ್ನು ನಾವು ಮೊದಲೇ ಯೋಚಿಸಿರಲಿಲ್ಲ, ಲೆಕ್ಕ ಹಾಕುವಾಗ ಕಂಡಿತು. ಆಮೇಲೆ ನಮ್ಮದೇ ಐಡಿಯಾ ಅನ್ನೋ ಥರ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಈ ಸಂಖ್ಯೆಗಳನ್ನು ಬರೆಯುವವರು ಒಬ್ಬರೇ ಕೂತು ಬರೆಯಬಾರದು. ಮೊದಲ ಕರಡಿನಲ್ಲಿ ನಾನು ಹಾಕುವುದು ತಲೆಬರಹದ ಪದ, ಬೆಳಕಿನ ಮೂಲ, 'ಮನಸ್ಸು' ಸಾಲು, ಇಷ್ಟೇ. ಜಾಗ ನೋಡಿ ಬಂದ ಮೇಲೆ ಕ್ಯಾಮೆರಾಮನ್, ಗ್ಯಾಫರ್, ಕಲಾ ನಿರ್ದೇಶಕರು, ಕಲರಿಸ್ಟ್ ಒಂದು ಮಧ್ಯಾಹ್ನ ಒಟ್ಟಿಗೆ ಕೂರಬೇಕು. ಉಳಿದ ಸಾಲುಗಳು ಅಲ್ಲಿ ಹುಟ್ಟುತ್ತವೆ. ಕಲರಿಸ್ಟನ್ನು ಶೂಟಿಂಗ್ ಮುಗಿದ ಮೇಲಷ್ಟೇ ಕರೆಯುವುದು ನಮ್ಮ ಚಿಕ್ಕ ಬಜೆಟ್ ಸಿನಿಮಾಗಳ ಚಾಳಿ. ಅರ್ಧ ದಿನದ ದುಡ್ಡು ಉಳಿಸಿ ಒಂದೂವರೆ ದಿನ ಕಳೆದುಕೊಳ್ಳುತ್ತೇವೆ.

ಆ ಮಾತುಕತೆಯಲ್ಲಿ ಕಲಾ ನಿರ್ದೇಶಕರು ಯಾಕೆ ಅಂದರೆ, ಗೋಡೆ ನೆಲ ಕೂಡ ಲೈಟುಗಳೇ. ಆ ಮನೆಯದ್ದು ರೆಡ್ ಆಕ್ಸೈಡ್ ನೆಲ, ವರ್ಷಗಟ್ಟಲೆ ಒರೆಸಿ ಹೊಳಪು ಬಂದದ್ದು. ಬಲ್ಬಿನ ಬೆಳಕು ನೆಲಕ್ಕೆ ಬಿದ್ದು ಕೆಂಪಾಗಿ ಮೇಲೆ ಬರುತ್ತದೆ, ಕೂತವರ ಗಲ್ಲದ ಕೆಳಗೆ ಸೇರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಡಿಐಯಲ್ಲಿ ಕಾಂಟ್ರಾಸ್ಟ್ ಏರಿಸಿದಾಗ ಗಲ್ಲದಡಿ ಗಾಯದ ಹಾಗೆ ಎದ್ದು ಕಾಣುತ್ತದೆ. ಕ್ಯಾಮೆರಾಗೆ ಕಾಣದ ಕಡೆ ನೆಲಕ್ಕೆ ಕಪ್ಪು ಬಟ್ಟೆ ಹಾಸಿದರೆ ಮುಗಿಯಿತು, ಎರಡು ನಿಮಿಷದ ಕೆಲಸ. ಹಸಿರು ಆಯಿಲ್ ಪೇಂಟ್ ಹೊಡೆದ ಗೋಡೆ ಇದಕ್ಕಿಂತ ಕೆಟ್ಟದ್ದು. ಮುಖ ಜ್ವರ ಬಂದವರ ಹಾಗಾಗುತ್ತದೆ.

ಉಡುಪಿನದ್ದೂ ಇದೇ ಕಥೆ. ಹಳೆಯ ಬೀದಿ ದೀಪದ ಸೋಡಿಯಂ ಬೆಳಕಿನಲ್ಲಿ ಹಳದಿಯ ಸುತ್ತಮುತ್ತ ಬಿಟ್ಟರೆ ಬೇರೆ ಬಣ್ಣಗಳು ಇಲ್ಲವೇ ಇಲ್ಲ ಅನ್ನಬಹುದು. ಅದರ ಕೆಳಗೆ ನೀಲಿ ಅಂಗಿ ಕಪ್ಪಾಗುತ್ತದೆ. ಕಲರಿಸ್ಟ್ ಎಷ್ಟು ತಿರುಚಿದರೂ ನೀಲಿ ಬರುವುದಿಲ್ಲ, ಯಾಕೆಂದರೆ ನೀಲಿ ಕ್ಯಾಮೆರಾ ತನಕ ಹೆಚ್ಚುಕಡಿಮೆ ಬಂದೇ ಇಲ್ಲ. 'ನೀಲಿ ಅಂಗಿಯವನು ಸೋಡಿಯಂ ದೀಪದ ಕೆಳಗೆ ನಿಂತಿದ್ದಾನೆ' ಅಂತ ಬರೆಯುವಾಗಲೇ ಒಂದನ್ನು ಬಿಡಬೇಕು, ಅಂಗಿ ಅಥವಾ ದೀಪ.

ಟಿಪ್ಪಣಿ ಬರೆದಾಯಿತು. ಅದು ಡಿಐ ರೂಮ್ ತಲುಪುವುದು ಹೇಗೆ? ಸೀನ್ ನಂಬರ್ ಹಿಡಿದುಕೊಂಡು. ಕ್ಲ್ಯಾಪ್ ಬೋರ್ಡಿನ ಮೇಲೆ 14 ಅಂತಿರುತ್ತದೆ, ಫೈಲಿನ ವಿವರದಲ್ಲೂ 14 ಅಂತ ತುಂಬಿಸುತ್ತಾರೆ. ಡಾವಿಂಚಿ ರಿಸಾಲ್ವ್‌ನಲ್ಲಿ ಪ್ರತಿ ಕ್ಲಿಪ್ಪಿಗೂ `Scene`, `Comments` ಅನ್ನುವ ಖಾನೆಗಳಿವೆ. ಸಹಾಯಕರು ಟಿಪ್ಪಣಿಯ ಕೊನೆಯ ಮೂರು ಸಾಲನ್ನು `Comments`ಗೆ ಹಾಕಿದರೆ ಕಲರಿಸ್ಟ್ ಚಿತ್ರಕಥೆ ತೆರೆಯದೆಯೇ ಓದಬಹುದು. ಇದು ನಡೆಯಬೇಕಾದರೆ ಒಂದೇ ಷರತ್ತು: ಶೂಟಿಂಗ್ ಶುರುವಾದ ಮೇಲೆ ಸೀನ್ ನಂಬರ್ ಬದಲಾಯಿಸಬಾರದು. ನಡುವೆ ಹೊಸ ಸೀನ್ ಬಂದರೆ 14ಎ. ಒಂದು ಸೀನ್ ತೆಗೆದರೆ ಆ ನಂಬರ್ ಖಾಲಿಯಾಗಿಯೇ ಉಳಿಯಲಿ. ಎಲ್ಲವನ್ನೂ ಒಂದೊಂದು ಹಿಂದೆ ಸರಿಸಿದರೆ ಅಡುಗೆಮನೆಯ ಟಿಪ್ಪಣಿ ಬಸ್ ಸ್ಟ್ಯಾಂಡಿಗೆ ಹೋಗಿ ಕೂರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಎಡವುವ ಜಾಗ ಒಂದಿದೆ. ಅದು ಗ್ರೇ ಕಾರ್ಡ್. ಪ್ರತಿ ಸೆಟಪ್ಪಿನ ಮೊದಲು ಒಂದು ಬೂದು ಹಲಗೆಯನ್ನು ಕ್ಯಾಮೆರಾ ಮುಂದೆ ಹಿಡಿಯುತ್ತಾರಲ್ವಾ, ಅದು. ಇದು ಬೂದು, ಇದನ್ನು ನೋಡಿ ಉಳಿದದ್ದನ್ನು ಅಳೆಯಿರಿ ಅಂತ ಕಲರಿಸ್ಟ್‌ಗೆ ಹೇಳುವ ಗುರುತು. ಈಗ ಜೆಲಾಟಿನ್ ಹಾಕಿದ ಬೆಳಕಿನಲ್ಲೇ ಅದನ್ನು ಹಿಡಿದರು ಅಂದುಕೊಳ್ಳಿ. ಕಾರ್ಡ್ ಕಿತ್ತಳೆಯಾಗಿ ರೆಕಾರ್ಡ್ ಆಯಿತು. ಡಿಐಯಲ್ಲಿ ಸಹಾಯಕರು ಕಾರ್ಡಿನ ಮೇಲೆ ಕ್ಲಿಕ್ ಮಾಡಿ ಬ್ಯಾಲೆನ್ಸ್ ಮಾಡುತ್ತಾರೆ, ಕಾರ್ಡ್ ಬೂದಾಗುತ್ತದೆ, ಅದರ ಜೊತೆ ನಾವು ಕಷ್ಟಪಟ್ಟು ಕಟ್ಟಿದ ಬೆಚ್ಚಗೆಯೂ ತೊಳೆದುಹೋಗುತ್ತದೆ. ಸರಿಯಾದ ಕ್ರಮ ಅಂದರೆ, ಒಂದು ಚಿಕ್ಕ ಎಲ್ಇಡಿ ಪ್ಯಾನೆಲ್ಲನ್ನು ಕ್ಯಾಮೆರಾದ ಸಂಖ್ಯೆಗೇ, ನಮ್ಮ ಲೆಕ್ಕದಲ್ಲಿ 4000ಕ್ಕೆ, ಇಟ್ಟು ಆ ಬೆಳಕು ಮಾತ್ರ ಕಾರ್ಡಿನ ಮೇಲೆ ಬೀಳುವಂತೆ ಐದು ಸೆಕೆಂಡ್ ತೆಗೆದುಕೊಳ್ಳುವುದು. ಆಮೇಲೆ ಸೀನಿನ ಲೈಟು. ಆಗ ಬೂದು ಬೂದಾಗಿಯೇ ಇರುತ್ತದೆ, ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಇನ್ನೊಂದು ಕಾಟ ವಾಟ್ಸಾಪ್. 'ಈ ಥರ ಬೇಕು' ಅಂತ ಒಂದು ಫೋಟೋ ಗ್ರೂಪಿಗೆ ಹಾಕುತ್ತೇವೆ. ಗ್ಯಾಫರ್ ಅದನ್ನು ರಾತ್ರಿ ಹತ್ತಕ್ಕೆ, ಸ್ಕ್ರೀನ್ ಹಳದಿ ಮಾಡುವ ನೈಟ್ ಮೋಡ್ ಹಾಕಿಕೊಂಡು ನೋಡುತ್ತಾರೆ. ಕಲರಿಸ್ಟ್ ಅದನ್ನೇ ಅಳತೆ ಮಾಡಿದ ಮಾನಿಟರಿನಲ್ಲಿ ನೋಡುತ್ತಾರೆ. ಫೋಟೋ ಒಂದೇ, ಕಂಡದ್ದು ಎರಡು. ನಾನು ಈಗ ಫೋಟೋ ಕಳಿಸಿದರೆ ಜೊತೆಗೆ ಒಂದು ಸಾಲು ಬರೆಯುತ್ತೇನೆ: ಕಿಟಕಿಗೂ ಮುಖಕ್ಕೂ ಇರುವ ಅಂತರ ನೋಡಿ, ಒಟ್ಟು ಬಣ್ಣ ನೋಡಬೇಡಿ. ಅಂತರ ಯಾವ ಫೋನಿನಲ್ಲೂ ಅಂತರವಾಗಿಯೇ ಕಾಣುತ್ತದೆ.

'ಕಾಣಲೇಬೇಕು' ಸಾಲಿನ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಕತ್ತಲ ಸೀನಿನಲ್ಲಿ ಎಲ್ಲರಿಗೂ ಇನ್ನೊಂದು ಚೂರು ಕತ್ತಲು ಮಾಡುವ ಆಸೆ. ಸೆಟ್‌ನಲ್ಲಿ ಒಂದು ಸ್ಟಾಪ್ ಇಳಿಸುತ್ತಾರೆ, ಅಂದರೆ ಬೆಳಕು ಅರ್ಧಕ್ಕೆ. ಡಿಐಯಲ್ಲಿ ಇನ್ನೊಂದು ಸ್ಟಾಪ್, ಅಂದರೆ ಕಾಲು ಭಾಗಕ್ಕೆ. ಡಿಐ ಮಾಡುವ ಕತ್ತಲೆ ಕೋಣೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಹಗಲು ಹೊತ್ತಿನಲ್ಲಿ ಕಿಟಕಿ ತೆರೆದಿಟ್ಟ ಮನೆಯ ಹಾಲ್‌ನಲ್ಲಿ, ಫೋನಿನಲ್ಲಿ, ದೀಪ ಮಂಕಾದ ಪ್ರೊಜೆಕ್ಟರಿನಲ್ಲಿ ನೋಡುವವರಿಗೆ ಬರೀ ಧ್ವನಿ ಕೇಳುತ್ತದೆ. ಉಪ್ಪಿನ ಕಥೆಯೇ ಮತ್ತೆ, ಈ ಸಲ ಕತ್ತಲಿನದ್ದು. ನಾವು ಸೆಟ್‌ನಲ್ಲಿ ಅಮ್ಮನ ಕಣ್ಣಿಗೆ ಒಲೆಯ ಕಡೆಯಿಂದ ಸಾಕಷ್ಟು ಬೆಳಕು ಕೊಟ್ಟು, ಕತ್ತಲು ಮಾಡುವ ಕೆಲಸವನ್ನು ಡಿಐಗೆ ಬಿಟ್ಟೆವು. ಇಳಿಸುವುದು ಯಾವಾಗ ಬೇಕಾದರೂ ಆಗುತ್ತದೆ. ಕತ್ತಲಲ್ಲಿ ತೆಗೆದದ್ದನ್ನು ಏರಿಸಲು ಹೋದರೆ ಮುಖದ ಮೇಲೆ ರಾಗಿ ಹಿಟ್ಟು ಎರಚಿದ ಹಾಗೆ ನಾಯ್ಸ್‌ನ ಚುಕ್ಕೆಗಳು ಬರುತ್ತವೆ.

ಎಲ್ಲ ಸೀನಿಗೂ ಇಷ್ಟು ಬರೆಯಬೇಕಾ? ಬೇಡ. ಅಂಗಳದಲ್ಲಿ ಹಗಲು ಹೊತ್ತು ಇಬ್ಬರು ಮಾತಾಡುವ ಸೀನಿಗೆ 'ಎಳೆಬಿಸಿಲು' ಅನ್ನುವ ಒಂದು ಪದ ಸಾಕು. ನೂರು ಸೀನಿಗೂ ಏಳೇಳು ಸಾಲು ಬರೆದರೆ ಯಾರೂ ಓದುವುದಿಲ್ಲ, ಬೇಕಾದದ್ದೂ ಅದರಲ್ಲೇ ಮುಳುಗಿಹೋಗುತ್ತದೆ. ಒಂದಕ್ಕಿಂತ ಜಾಸ್ತಿ ಬಣ್ಣದ ಬೆಳಕು ಇರುವಲ್ಲಿ, ಸೀನಿನ ನಡುವೆ ಬೆಳಕು ಬದಲಾಗುವಲ್ಲಿ, ಒಂದೇ ಜಾಗ ಬೇರೆ ಮನಸ್ಥಿತಿಯಲ್ಲಿ ಮತ್ತೆ ಬರುವಲ್ಲಿ ಮಾತ್ರ ನಾನು ಪೂರ್ತಿ ಬರೆಯುತ್ತೇನೆ. ಆ ಸಿನಿಮಾದಲ್ಲಿ ಅಂಥವು ಹನ್ನೊಂದು ಇದ್ದವು.

ಎರಡನೇ ಸಲದ ಡಿಐಗೆ ಹೋದಾಗ ನಾನು ಸ್ವಲ್ಪ ತಡವಾಗಿ ಸೇರಿಕೊಂಡೆ. ಅಡುಗೆಮನೆ ಪರದೆಯ ಮೇಲಿತ್ತು. ಕಲರಿಸ್ಟ್ ಮುಖ ನೋಡುತ್ತಿರಲಿಲ್ಲ, ಕಿಟಕಿ ನೋಡುತ್ತಿರಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ಲೋಟದ ಹತ್ತಿರ ಹೋಗಿದ್ದರು. "ನಿಮ್ಮ ಹಾಲು ಇಷ್ಟು ಕೆನೆ ಇದ್ದರೆ ಸಾಕಾ ಸರ್, ಇನ್ನೊಂದು ಚೂರು ಬೇಕಾ?" ಅಂದರು. ಸಾಕು ಅಂದೆ. ಇಪ್ಪತ್ತು ನಿಮಿಷದಲ್ಲಿ ಅವರು ಸೀನ್ 15ಕ್ಕೆ ಹೋದರು.